ಬೆಲ್ಲದ ಎಫ್‌ಪಿಸಿಯ ವಾರ್ಷಿಕ ವರದಿ ಇಂಗ್ಲಿಷಿಗೆ: ಯಾವ ಪುಟ ಅನುವಾದಿಸಬೇಕು, ಯಾವುದನ್ನು ಮುಟ್ಟಬಾರದು

«ನಮ್ಮದು ಮಂಡ್ಯ ತಾಲ್ಲೂಕಿನ ಬೆಲ್ಲದ ರೈತ ಉತ್ಪಾದಕ ಕಂಪನಿ. ಜರ್ಮನಿಯ ಖರೀದಿದಾರರೊಬ್ಬರು 2023-24ರ ವಾರ್ಷಿಕ ವರದಿ ಇಂಗ್ಲಿಷಿನಲ್ಲಿ ಕಳಿಸಿ ಅಂತಿದ್ದಾರೆ. ಮಹಾಸಭೆಗೆ ಹಂಚಿದ ಕನ್ನಡ ಪುಸ್ತಕ ಇದೆ. ಪೂರ್ತಿ ಅನುವಾದ ಮಾಡಿಸಬೇಕಾ? ಲೆಕ್ಕದ ಪುಟಗಳದ್ದೇ ಭಯ. ಎರಡು ಪುಟದ ಫೋಟೊ ಹಾಕಿದ್ದೀನಿ, ನೋಡಿ ಹೇಳಿ.»

ಲೆಕ್ಕದ ಪುಟಗಳನ್ನು ಅನುವಾದ ಮಾಡಿಸಲೇಬೇಡಿ. ನಾನು ಮೈಸೂರಿನಲ್ಲಿ ಇಂಥ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವವಳು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಆಡಿಟರ್ ಸಹಿ ಮಾಡಿದ ಬ್ಯಾಲೆನ್ಸ್ ಶೀಟ್, ಲಾಭ-ನಷ್ಟದ ಪಟ್ಟಿ, ಟಿಪ್ಪಣಿಗಳು, ಆಡಿಟ್ ವರದಿ ಸಾಮಾನ್ಯವಾಗಿ ಮೊದಲೇ ಇಂಗ್ಲಿಷಿನಲ್ಲಿ ತಯಾರಾಗಿರುತ್ತವೆ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ಗೆ, ವಾರ್ಷಿಕ ಲೆಕ್ಕ ಸಲ್ಲಿಸುವ AOC-4 ನಮೂನೆಯ ಜೊತೆ ಹೋಗಿರುವುದೂ ಅದೇ ಪ್ರತಿ. ನಿಮ್ಮ ಪುಸ್ತಕದ ಕನ್ನಡ ಲೆಕ್ಕ ಸದಸ್ಯರಿಗೆ ಅರ್ಥವಾಗಲೆಂದು ಅದರಿಂದ ಇಳಿಸಿಕೊಂಡದ್ದು. ಅದನ್ನು ತಿರುಗಿ ಇಂಗ್ಲಿಷಿಗೆ ತಂದರೆ ಒಂದೇ ವರ್ಷಕ್ಕೆ ಎರಡು ಇಂಗ್ಲಿಷ್ ಲೆಕ್ಕ ಹುಟ್ಟುತ್ತವೆ, ಎರಡರಲ್ಲೂ ಬಾಬ್ತುಗಳ ಹೆಸರು ಬೇರೆ, ಕೆಲವು ಸಲ ಮೊತ್ತವೂ ಬೇರೆ. ಸಲ್ಲಿಸಿದ ಪ್ರತಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪೋರ್ಟಲ್‌ನಿಂದ ತೆಗೆದುಕೊಳ್ಳಬಹುದು. ಹಾಗಾಗಿ ಸಹಿ ಇರುವ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಸೇರಿಸಿ. ಆಡಿಟ್ ವರದಿಯ ಕೆಳಗೆ UDIN ಎಂಬ 18 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಬೇಕು, ಏಕೆಂದರೆ ಖರೀದಿದಾರರು ಅದನ್ನು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಐಸಿಎಐನ ಪೋರ್ಟಲ್‌ನಲ್ಲಿ ಹಾಕಿ ವರದಿ ನಿಜವೇ ಎಂದು ತಾವೇ ನೋಡಿಕೊಳ್ಳಬಹುದು.

ಹಾಗಾದರೆ ಅನುವಾದಕ್ಕೆ ಉಳಿಯುವುದು ಅಧ್ಯಕ್ಷರ ಮಾತು ಮತ್ತು ವರ್ಷದ ಕೆಲಸಗಳ ವಿವರ. ನಿರ್ದೇಶಕ ಮಂಡಳಿಯ ವರದಿಯೂ ಎಂಸಿಎಗೆ ಇಂಗ್ಲಿಷಿನಲ್ಲಿ ಹೋಗಿದ್ದರೆ ಅದನ್ನೂ ಹಾಗೇ ಬಳಸಿ.

ಈಗ ನೀವು ಹಾಕಿದ ಮೊದಲ ಪುಟ. «2023-24ನೇ ಸಾಲಿನಲ್ಲಿ 1,250 ಕ್ವಿಂಟಾಲ್ ಬೆಲ್ಲ ಮಾರಾಟ ಮಾಡಿ 62.5 ಲಕ್ಷ ವಹಿವಾಟು ನಡೆಸಲಾಗಿದೆ» ಅಂತಿದೆ. ಒಂದೇ ವಾಕ್ಯ, ಆದರೆ ಎಡವುವ ಜಾಗ ನಾಲ್ಕಿವೆ. ಹೊರದೇಶದವರಿಗೆ 2023-24 ಅಂದರೆ ಎರಡು ವರ್ಷದ ಲೆಕ್ಕದಂತೆ ಕಾಣಬಹುದು, ಆದ್ದರಿಂದ 2024ರ ಮಾರ್ಚ್ 31ಕ್ಕೆ ಮುಗಿದ ವರ್ಷ ಎಂದು ಬರೆಸಿ. ಕ್ವಿಂಟಾಲನ್ನು ಟನ್ ಮಾಡಿ, 125 ಟನ್. ಲಕ್ಷ ಬೇಡ, ರೂಪಾಯಿಯಲ್ಲಿ 6,250,000 ಎಂದು ಮೂರು ಮೂರು ಅಂಕಿಗೆ ಕಾಮಾ ಹಾಕಿ, ಅಥವಾ 6.25 ಮಿಲಿಯನ್ ಎನ್ನಿ. ಅನುವಾದ ಕೈಗೆ ಬಂದ ಮೇಲೆ ಮೊತ್ತವನ್ನು ತೂಕದಿಂದ ಭಾಗಿಸಿ ನೋಡಿ. ಇಲ್ಲಿ ಕೆಜಿಗೆ 50 ರೂಪಾಯಿ ಬರುತ್ತದೆ, ಸರಿಯಾಗಿದೆ. ಯಾರಾದರೂ 1,250 ಟನ್ ಅಂತ ಬರೆದಿದ್ದರೆ ಕೆಜಿಗೆ 5 ರೂಪಾಯಿ ಬಂದು ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಬೆಲೆ ತೂಕ ಎರಡೂ ಇರುವ ಪ್ರತಿ ವಾಕ್ಯಕ್ಕೂ ಹೀಗೆ ಮಾಡಿ.

ನಾಲ್ಕನೆಯದು ವಹಿವಾಟು. ಮಹಾಸಭೆಯಲ್ಲಿ ಖರೀದಿ, ಮಾರಾಟ, ಗೊಬ್ಬರದ ಅಂಗಡಿಯ ವ್ಯಾಪಾರ ಎಲ್ಲ ಕೂಡಿಸಿ ವಹಿವಾಟು ಅನ್ನುವ ರೂಢಿ ಇದೆ. ಕೆಲವರು ಜಿಎಸ್‌ಟಿಯನ್ನೂ ಸೇರಿಸುತ್ತಾರೆ. ಆಡಿಟ್ ಆದ ಲೆಕ್ಕದ ಆದಾಯದಲ್ಲಿ ಜಿಎಸ್‌ಟಿ ಇರುವುದಿಲ್ಲ. ನಿಮ್ಮ 62.5 ಲಕ್ಷ ಲಾಭ-ನಷ್ಟದ ಪಟ್ಟಿಯ ಯಾವ ಸಾಲಿಗೆ ಹೊಂದುತ್ತದೆ ಎಂದು ಬೆರಳಿಟ್ಟು ತೋರಿಸಲು ಆಗಬೇಕು. ಹೊಂದದಿದ್ದರೆ ಆಡಿಟ್‌ನ ಮೊತ್ತವನ್ನೇ ಬಳಸಿ.

ಇದೇ ಪ್ರಶ್ನೆಗೆ ಉತ್ತರಿಸಿದ ಮದ್ದೂರಿನ ಅಣ್ಣ ಎಲ್ಲವನ್ನೂ ಡಾಲರಿಗೆ ಬದಲಾಯಿಸಿ ಎಂದಿದ್ದಾರೆ. ಲಕ್ಷ ಕೋಟಿ ಬೇಡ ಅನ್ನುವಷ್ಟರಲ್ಲಿ ಅವರ ಮಾತು ಸರಿ. ಆದರೆ ಡಾಲರ್ ಬೇಡ. ಜರ್ಮನಿಯವರು ಯೂರೋದಲ್ಲಿ ಲೆಕ್ಕ ಹಾಕುವವರು. ಅದಕ್ಕಿಂತ ಮುಖ್ಯವಾಗಿ, ನೀವು ಬದಲಾಯಿಸಿದ ಮೊತ್ತ ಜೊತೆಗಿರುವ ಆಡಿಟ್ ಪ್ರತಿಯಲ್ಲಿ ಎಲ್ಲೂ ಸಿಗುವುದಿಲ್ಲ. ರೂಪಾಯಿಯಲ್ಲೇ ಬಿಡಿ. ಬೇಕಿದ್ದರೆ ಒಟ್ಟು ಮಾರಾಟಕ್ಕೆ ಮಾತ್ರ ಯೂರೋ ಅಂದಾಜು ಕೊಟ್ಟು, ಯಾವ ದಿನದ ದರ ಎಂದು ಪಕ್ಕದಲ್ಲಿ ಬರೆಯಿರಿ.

ಅನುದಾನದ ಸಾಲನ್ನು ಬಿಡಿಸಿ ಬರೆಸಬೇಕು. ನಿಮ್ಮ ಪುಸ್ತಕದಲ್ಲಿ «ಸರ್ಕಾರದ ಅನುದಾನ» ಎಂದು ಒಂದೇ ಸಾಲಿದೆ. 2020ರ ಹತ್ತು ಸಾವಿರ ಎಫ್‌ಪಿಒ ಯೋಜನೆಯಡಿ ಬಂದದ್ದಾದರೆ ಅದರಲ್ಲಿ ಎರಡು ಬಗೆ. ಮೂರು ವರ್ಷಕ್ಕೆ 18 ಲಕ್ಷದವರೆಗೆ ಬರುವ ನಿರ್ವಹಣಾ ವೆಚ್ಚದ ಹಣ ಸಂಬಳ, ಬಾಡಿಗೆಗೆ ಹೋಗುತ್ತದೆ, ಆದಾಯದ ಪಟ್ಟಿಯಲ್ಲಿ ಕಾಣುತ್ತದೆ. ಸದಸ್ಯರಿಗೆ ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷ ಮೀರದಂತೆ ಬರುವ ಈಕ್ವಿಟಿ ಗ್ರಾಂಟ್ ಷೇರು ಬಂಡವಾಳದ ಕಡೆಯದು. ನಿಮ್ಮ ಲಾಭ 2 ಲಕ್ಷ ಇದ್ದು ಅದೇ ವರ್ಷ ನಿರ್ವಹಣೆಗೆ 5 ಲಕ್ಷ ಬಂದಿದ್ದರೆ, ಅನುದಾನ ನಿಂತ ಮೇಲೆ ಈ ಕಂಪನಿ ನಡೆಯುತ್ತದಾ ಎಂದು ಖರೀದಿದಾರರು ಕೇಳಿಯೇ ಕೇಳುತ್ತಾರೆ. ಅವರು ವರ್ಷಗಟ್ಟಲೆ ಸರಕು ಬೇಕೆನ್ನುವವರು. ಮುಚ್ಚಿಡದೆ ಬರೆದು, ಮುಂದಿನ ವರ್ಷದ ಖರ್ಚನ್ನು ಹೇಗೆ ತೂಗಿಸುತ್ತೀರಿ ಅಂತ ಪಕ್ಕದಲ್ಲೇ ಒಂದು ವಾಕ್ಯ ಸೇರಿಸಿ.

ಕಂಪನಿಯೊಂದಿಗೆ ಮಾಡಿದ ವ್ಯಾಪಾರಕ್ಕೆ ತಕ್ಕಂತೆ ಸದಸ್ಯರಿಗೆ ಹಂಚುವ ಬೋನಸ್ ವಿಷಯದಲ್ಲಿ ಕಂಪನಿ ಕಾಯ್ದೆಯ 21ಎ ಅಧ್ಯಾಯದಲ್ಲಿರುವ ಪೇಟ್ರನೇಜ್ ಬೋನಸ್ ಎಂಬ ಹೆಸರನ್ನೇ ಹಾಕಿಸಿ. ಬರೀ ಬೋನಸ್ ಎಂದರೆ ನೌಕರರಿಗೆ ಕೊಟ್ಟದ್ದು ಎಂದುಕೊಳ್ಳುತ್ತಾರೆ.

ನನಗೆ ನಿಜವಾಗಿ ಆತಂಕವಾದದ್ದು ಎರಡನೇ ಪುಟ ನೋಡಿ. «ನಮ್ಮ ಎಲ್ಲ ಸದಸ್ಯರೂ ಸಾವಯವ ಕಬ್ಬು ಬೆಳೆದು ರಾಸಾಯನಿಕ ಮುಕ್ತ ಬೆಲ್ಲ ತಯಾರಿಸುತ್ತಾರೆ.» ಮಹಾಸಭೆಯಲ್ಲಿ ಇದು ಹೆಮ್ಮೆಯ ಮಾತು. ಇಂಗ್ಲಿಷಿನಲ್ಲಿ ಆರ್ಗ್ಯಾನಿಕ್ ಆದ ಕೂಡಲೇ ಕಾನೂನಿನ ಹೇಳಿಕೆ. ಯುರೋಪಿನಲ್ಲಿ ಪ್ರಮಾಣಪತ್ರ ಇಲ್ಲದ ಸರಕನ್ನು ಹಾಗೆಂದು ಮಾರುವಂತಿಲ್ಲ. ರೈತರ ಗುಂಪು ಪರಸ್ಪರ ಪರಿಶೀಲಿಸಿ ಪಡೆಯುವ ಪಿಜಿಎಸ್ ಪ್ರಮಾಣಪತ್ರ ನಮ್ಮ ಒಳಮಾರುಕಟ್ಟೆಗೆ ಸಾಕು, ರಫ್ತಿಗೆ ಸಾಲದು. ನಿಮ್ಮಲ್ಲಿ ಕೇಂದ್ರದ ಸಾವಯವ ಉತ್ಪಾದನಾ ಕಾರ್ಯಕ್ರಮವಾದ ಎನ್‌ಪಿಒಪಿಯ ಸ್ಕೋಪ್ ಸರ್ಟಿಫಿಕೇಟ್ ಇದ್ದರೆ ಅದರಲ್ಲಿ ಎಷ್ಟು ರೈತರು, ಎಷ್ಟು ಎಕರೆ, ಎಷ್ಟು ಪರಿವರ್ತನೆಯ ಹಂತದಲ್ಲಿದೆ ಎಂದು ನೋಡಿ ಅಷ್ಟನ್ನೇ ಬರೆಸಿ, ಎಕರೆಯನ್ನು 0.405ರಿಂದ ಗುಣಿಸಿ ಹೆಕ್ಟೇರ್ ಮಾಡಿ.

ರಾಸಾಯನಿಕ ಮುಕ್ತ ಅನ್ನುವುದನ್ನು ಪೂರ್ತಿ ಬಿಟ್ಟು, ಆಲೆಮನೆಯಲ್ಲಿ ಏನು ಮಾಡುತ್ತೀರೋ ಅದನ್ನು ಹೇಳಿ. ಕೊಪ್ಪರಿಗೆಗೆ ಸುಣ್ಣ ಹಾಕುತ್ತೀರಿ, ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುತ್ತೀರಿ, ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುವುದಿಲ್ಲ. ಇಷ್ಟು ಸಾಕು, ಅದೂ ಎಲ್ಲ ಆಲೆಮನೆಗಳಲ್ಲೂ ನಿಜವಾಗಿದ್ದರೆ. ಬಣ್ಣ ಬರಲಿ ಎಂದು ಒಬ್ಬರು ಹೈಡ್ರೋಸ್ ಹಾಕಿದರೂ ಗಂಧಕದ ಅಂಶ ಪರೀಕ್ಷೆಯಲ್ಲಿ ಕಾಣುತ್ತದೆ. ಯುರೋಪಿನಲ್ಲಿ ಸಲ್ಫೈಟ್ ಕೆಜಿಗೆ 10 ಮಿಲಿಗ್ರಾಂ ದಾಟಿದರೆ ಲೇಬಲ್ಲಿನಲ್ಲಿ ಹೇಳಲೇಬೇಕು. ಅನುವಾದಕ್ಕೆ ಕೊಡುವ ಮುಂಚೆ ಲ್ಯಾಬ್ ವರದಿ ತೆಗೆದಿಟ್ಟುಕೊಂಡು ಆ ಪುಟ ಓದಿ. ಕನ್ನಡದ ವಾಕ್ಯವೇ ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದರೆ ಅನುವಾದಕರು ತಿದ್ದುವಂತಿಲ್ಲ. ಹಾಗಾಗಿ ಆ ಭಾಗವನ್ನು ವರದಿಯ ಅನುವಾದ ಎಂದು ಕಳಿಸದೆ, ಖರೀದಿದಾರರಿಗಾಗಿ ಬರೆದ ಬೇರೆ ಟಿಪ್ಪಣಿ ಮಾಡಿ, ಮೇಲೆ ಹಾಗಂತ ನಮೂದಿಸಿ.

ಶಾಸಕರಿಗೆ, ಅಧಿಕಾರಿಗಳಿಗೆ ಕೃತಜ್ಞತೆ ಹೇಳಿದ ಪುಟ ತೆಗೆಯಬೇಕೋ ಬೇಡವೋ ಎಂದು ಇಲ್ಲಿ ಎರಡು ಮಾತು ಬಂದಿವೆ. ನಾನಾದರೆ ಇಟ್ಟುಕೊಳ್ಳುತ್ತೇನೆ. ಪಾಂಡವಪುರದ ಅಕ್ಕ ತೆಗೆದೇ ಕಳಿಸಿದರಂತೆ, ಯಾರೂ ಕೇಳಲಿಲ್ಲವಂತೆ. ನಿಮ್ಮ ಮಂಡಳಿ ತೀರ್ಮಾನಿಸಲಿ.

ನಂಜನಗೂಡಿನವರು ತಮ್ಮ ಹಾಲಿನ ಸಂಘಕ್ಕೂ ಇದೇ ಅನ್ವಯವಾ ಅಂತ ಕೇಳಿದ್ದಾರೆ. ಇಲ್ಲ ಸರ್. ನಿಮ್ಮದು 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಬರುತ್ತದೆ, ಆಡಿಟ್ ವರದಿ ಬಹಳ ಕಡೆ ಕನ್ನಡದಲ್ಲೇ ಇರುತ್ತದೆ. ಹಾಗಿದ್ದರೆ ನಿಮಗೆ ಲೆಕ್ಕದ ಪುಟಗಳನ್ನೂ ಅನುವಾದಿಸದೆ ದಾರಿಯಿಲ್ಲ. ಅದನ್ನು ಲೆಕ್ಕ ಬಲ್ಲವರಿಂದಲೇ ಮಾಡಿಸಿ, ಕನ್ನಡ ಮೂಲವನ್ನು ಜೊತೆಗಿಡಿ.