ಒಂದು ಸಿಮ್‌ನಲ್ಲಿ ಮಾತಾಡುವಾಗ ಇನ್ನೊಂದು ನಂಬರ್ ‘ಸ್ವಿಚ್ಡ್ ಆಫ್’ ಆಗುವುದೇಕೆ?

ಪ್ರಶ್ನೆ: ನನ್ನ ಫೋನಲ್ಲಿ ಎರಡು ಸಿಮ್ ಇದೆ. ಒಂದು ಮನೆಯದು, ಒಂದು ಅಂಗಡಿಯದು. ಮನೆ ನಂಬರಲ್ಲಿ ಮಾತಾಡ್ತಿರುವಾಗ ಗಿರಾಕಿಗಳು ಅಂಗಡಿ ನಂಬರಿಗೆ ಫೋನ್ ಮಾಡಿದ್ರೆ ಸ್ವಿಚ್ಡ್ ಆಫ್ ಅಂತ ಬರುತ್ತಂತೆ. ಎರಡಕ್ಕೂ ಫುಲ್ ಸಿಗ್ನಲ್ ಇದೆ. ಕೆಲವು ಸಲ ಮಾತಾಡುವಾಗ ನೆಟ್ ಕೂಡ ನಿಲ್ಲುತ್ತೆ. ಫೋನ್ ಹಾಳಾಗಿದೆಯಾ, ಸಿಮ್ ಬದಲಿಸಬೇಕಾ?

ಫೋನ್ ಚೆನ್ನಾಗಿದೆ, ಸಿಮ್ ಕೂಡ ಚೆನ್ನಾಗಿದೆ. ದಯವಿಟ್ಟು ಇದಕ್ಕಾಗಿ ದುಡ್ಡು ಖರ್ಚು ಮಾಡಬೇಡಿ. ನಾನು ಮೊಬೈಲ್ ಸರ್ವಿಸ್ ಕೆಲಸದಲ್ಲಿದ್ದೇನೆ. ಇದೇ ದೂರಿಗೆ ಸಿಮ್ ಬದಲಿಸಿ, ಆಮೇಲೂ ಸರಿಹೋಗದೆ ನಮ್ಮ ಹತ್ತಿರ ಬರುವವರು ಜಾಸ್ತಿ.

ನಿಮ್ಮ ಫೋನಿನಲ್ಲಿ ಸಿಮ್ ಎರಡಿದ್ದರೂ ಮಾತು ಕಳಿಸುವ ರೇಡಿಯೊ ಒಂದೇ. ಹೆಚ್ಚಿನ ಫೋನ್‌ಗಳು ಹೀಗೇ ಇರುತ್ತವೆ. ಬಾಕ್ಸಿನ ಮೇಲೆ ‘ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ’ ಅಂತ ಬರೆದಿರುವುದು ಇದನ್ನೇ. ಸ್ಟ್ಯಾಂಡ್‌ಬೈ ಅಂದರೆ ಎರಡೂ ಸಿಮ್ ಕರೆಗಾಗಿ ಕಾಯುತ್ತವೆ, ಅಷ್ಟೇ. ಎರಡರಲ್ಲೂ ಒಟ್ಟಿಗೆ ಮಾತಾಡಬಹುದು ಅಂತಲ್ಲ.

ಸುಮ್ಮನೆ ಜೇಬಿನಲ್ಲಿದ್ದಾಗ ಫೋನ್ ಸದಾ ಕಿವಿಗೊಟ್ಟು ಕೂತಿರುವುದಿಲ್ಲ. 4ಜಿಯಲ್ಲಿ ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಎಚ್ಚೆತ್ತು, ‘ನನಗೆ ಕರೆ ಇದೆಯಾ’ ಎಂದು ಟವರ್ ಕಡೆ ಕ್ಷಣಮಾತ್ರ ಕೇಳಿ ಮತ್ತೆ ಮಲಗುತ್ತದೆ. ಇಷ್ಟು ಬಿಡುವಿರುವಾಗ ಒಂದೇ ರೇಡಿಯೊ ಎರಡು ನೆಟ್‌ವರ್ಕ್‌ಗಳನ್ನೂ ಸರದಿಯಲ್ಲಿ ಆರಾಮಾಗಿ ಕೇಳಬಲ್ಲದು. ಅದಕ್ಕೇ ನಿಮಗೆ ಎರಡಕ್ಕೂ ಫುಲ್ ಸಿಗ್ನಲ್ ಕಾಣುವುದು.

ಮಾತು ಶುರುವಾದ ಮೇಲೆ ಕಥೆ ಬೇರೆ. ನಿಮ್ಮ ಧ್ವನಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಹೋಗುತ್ತಿರುತ್ತದೆ. ರೇಡಿಯೊ ಮನೆಯ ಸಿಮ್ ಬಿಟ್ಟು ಅಂಗಡಿಯ ಸಿಮ್ ಕಡೆ ಹೋಗಲು ಸಮಯವೇ ಇಲ್ಲ. ಆಗ ಗಿರಾಕಿ ಫೋನ್ ಮಾಡಿದರೆ, ಅಂಗಡಿ ಸಿಮ್‌ನ ನೆಟ್‌ವರ್ಕ್ ನಿಮ್ಮನ್ನು ಕೂಗುತ್ತದೆ. ಉತ್ತರ ಬರುವುದಿಲ್ಲ. ನೀವು ಇನ್ನೊಂದು ನೆಟ್‌ವರ್ಕಿನಲ್ಲಿ ಮಾತಾಡುತ್ತಿದ್ದೀರಿ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ‘ಬಿಝಿ’ ಅನ್ನದೆ ‘ಸ್ವಿಚ್ಡ್ ಆಫ್’ ಅಥವಾ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನುತ್ತದೆ.

ಖಚಿತ ಮಾಡಿಕೊಳ್ಳಬೇಕಾದರೆ ಮನೆಯ ವೈಫೈ ಆಫ್ ಮಾಡಿ, ಮನೆ ನಂಬರಿನಿಂದ ಯಾರಿಗಾದರೂ ಕರೆ ಮಾಡಿ ಮಾತಾಡುತ್ತಿರಿ. ಅದೇ ಹೊತ್ತಿಗೆ ಮೂರನೇ ಫೋನಿನಿಂದ ಅಂಗಡಿ ನಂಬರಿಗೆ ಹೊಡೆಯಿರಿ. ಮಾತಾಡುವಾಗ ಮಾತ್ರ ಸಿಗದೆ, ಇಟ್ಟ ತಕ್ಷಣ ಸಿಕ್ಕರೆ ಕಾರಣ ಇದೇ. ವೈಫೈ ಆಫ್ ಮಾಡಿ ಎಂದದ್ದಕ್ಕೆ ಕಾರಣವಿದೆ. ವೈಫೈ ಕಾಲಿಂಗ್ ಆನ್ ಇದ್ದರೆ ಕರೆ ರೇಡಿಯೊ ಬಿಟ್ಟು ಇಂಟರ್ನೆಟ್ ಮೂಲಕ ಹೋಗುತ್ತದೆ. ಆಗ ಹಲವು ಫೋನ್‌ಗಳಲ್ಲಿ ಎರಡನೇ ನಂಬರ್ ಕೂಡ ರಿಂಗ್ ಆಗುತ್ತದೆ. ‘ಮನೆಯಲ್ಲಿ ಸರಿಯಿರುತ್ತೆ, ಹೊರಗೆ ಹೋದರೆ ಕೆಡುತ್ತೆ’ ಅನ್ನುವ ಗೊಂದಲ ಹುಟ್ಟುವುದು ಇಲ್ಲಿಂದ.

ಈಗ ಪರಿಹಾರ. ಎರಡು ಸಿಮ್‌ಗಳನ್ನೂ ಒಂದಕ್ಕೊಂದು ಫಾರ್ವರ್ಡ್ ಮಾಡಿ, ಆದರೆ ‘ಸಿಗದೇ ಇದ್ದಾಗ ಮಾತ್ರ’ ಎಂಬ ಷರತ್ತಿನಲ್ಲಿ. ಡಯಲರ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಂಗಡಿ ಸಿಮ್ ಆರಿಸಿ. Call forwarding ಒಳಗೆ ನಾಲ್ಕು ಬಗೆ ಇರುತ್ತವೆ. ಅದರಲ್ಲಿ ‘When unreachable’ ಎನ್ನುವುದಕ್ಕೆ ಮಾತ್ರ ಮನೆ ನಂಬರ್ ಹಾಕಿ. ‘Always’ ಮುಟ್ಟಬೇಡಿ, ಮುಟ್ಟಿದರೆ ಅಂಗಡಿ ನಂಬರ್ ಯಾವತ್ತೂ ರಿಂಗ್ ಆಗುವುದಿಲ್ಲ. ‘When unreachable’ ಜಾಗದಲ್ಲಿ ಮೊದಲೇ ಯಾವುದಾದರೂ ನಂಬರ್ ಇದ್ದರೆ ಬರೆದಿಟ್ಟುಕೊಳ್ಳಿ. ಅದು ಮಿಸ್ಡ್ ಕಾಲ್ ಎಸ್ಸೆಮ್ಮೆಸ್ ಕಳಿಸುವ ಕಂಪನಿಯದ್ದೇ ಇರಬಹುದು. ಆಮೇಲೆ ಮನೆ ಸಿಮ್‌ಗೆ ಇದನ್ನೇ ತಿರುಗಿಸಿ ಮಾಡಿ. ಕೊನೆಗೆ ಎರಡೂ ಸಿಮ್‌ನಲ್ಲಿ Call waiting ಆನ್ ಇರಲಿ. ಇದು ಮರೆತರೆ ಮೇಲಿನದೆಲ್ಲ ವ್ಯರ್ಥ.

ಮತ್ತೆ ನಿಮ್ಮ ಅಂಗಡಿಗೇ ಬರೋಣ. ನೀವು ಮನೆ ನಂಬರಲ್ಲಿ ಮಾತಾಡುತ್ತಿದ್ದೀರಿ, ಗಿರಾಕಿ ಅಂಗಡಿ ನಂಬರಿಗೆ ಹೊಡೆದರು. ಅಂಗಡಿ ಸಿಮ್ ಸಿಗಲಿಲ್ಲ, ಅದರ ನೆಟ್‌ವರ್ಕ್ ಕರೆಯನ್ನು ಮನೆ ನಂಬರಿಗೆ ತಿರುಗಿಸಿತು. ಅಲ್ಲಿ ನೀವು ಮಾತಿನಲ್ಲಿರುವುದರಿಂದ ಕಿವಿಯಲ್ಲಿ ಬೀಪ್ ಬಂತು. ಆದರೆ ಪರದೆಯ ಮೇಲೆ ‘ಮನೆ ಸಿಮ್‌ಗೆ ಕರೆ’ ಎಂದೇ ಕಾಣುತ್ತದೆ. ಆಮೇಲೆ ಲಿಸ್ಟಿನಿಂದ ಮರಳಿ ಹೊಡೆದರೆ ಮನೆ ನಂಬರಿನಿಂದ ಹೋಗುವ ಸಾಧ್ಯತೆ ಇದೆ. ಗಿರಾಕಿಗೆ ನಿಮ್ಮ ಮನೆ ನಂಬರ್ ಗೊತ್ತಾಗಬಾರದು ಅಂತಿದ್ದರೆ, ಸಿಮ್ ನೋಡಿ ಆರಿಸಿ ಮಾಡಿ.

ತಿರುಗಿಸಿದ ಕರೆಯನ್ನು ಅಂಗಡಿ ಸಿಮ್‌ನಿಂದ ಹೊರಹೋದ ಕರೆ ಎಂದು ಲೆಕ್ಕ ಹಾಕುವುದು ಸಾಮಾನ್ಯ. ನಿಮ್ಮ ಪ್ಯಾಕಿನಲ್ಲಿ ಇದಕ್ಕೆ ದುಡ್ಡು ಹೋಗುತ್ತದೆಯೇ ಎಂದು ಕಸ್ಟಮರ್ ಕೇರಿಗೆ ಒಮ್ಮೆ ಕೇಳಿಬಿಡಿ.

ಫಾರ್ವರ್ಡ್ ವಿಷಯ ಬಂದಿದ್ದಕ್ಕೆ ಒಂದು ಎಚ್ಚರಿಕೆ. ಯಾರೋ ಕೊರಿಯರ್ ಅಥವಾ ಕಂಪನಿ ಕಡೆಯವರು ಅಂತ ಹೇಳಿ `*401*` ಸೇರಿಸಿ ಒಂದು ನಂಬರ್ ಡಯಲ್ ಮಾಡಿ ಎಂದರೆ ಖಂಡಿತ ಮಾಡಬೇಡಿ. ನಿಮ್ಮ ಎಲ್ಲ ಕರೆಗಳೂ ಅವರಿಗೆ ಹೋಗುತ್ತವೆ, ಕರೆಯ ಮೂಲಕ ಬರುವ ಒಟಿಪಿ ಕೂಡ. ಈ ಮೋಸದ ಕಾರಣಕ್ಕೇ ದೂರಸಂಪರ್ಕ ಇಲಾಖೆ ಹೀಗೆ * ಮತ್ತು # ಸೇರಿಸಿ ಡಯಲ್ ಮಾಡುವ ಯುಎಸ್ಎಸ್‌ಡಿ ಕೋಡ್ ಮೂಲಕ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಕಂಪನಿಗಳಿಗೆ ಆದೇಶಿಸಿತು. ನಾನು ಕೋಡ್ ಬಿಟ್ಟು ಮೆನು ಹೇಳಿದ್ದು ಅದಕ್ಕೇ. ಸೆಟ್ಟಿಂಗ್ಸ್‌ನಿಂದಲೂ ಆಗದಿದ್ದರೆ ಕಸ್ಟಮರ್ ಕೇರಿನಿಂದಲೇ ಮಾಡಿಸಿ.

ಇನ್ನು ನೆಟ್ ನಿಲ್ಲುವ ವಿಷಯ. ಮೊಬೈಲ್ ಡೇಟಾ ಒಂದು ಹೊತ್ತಿಗೆ ಒಂದೇ ಸಿಮ್‌ನಲ್ಲಿ ಓಡುತ್ತದೆ. ನಿಮ್ಮ ಡೇಟಾ ಮನೆ ಸಿಮ್‌ನಲ್ಲಿದೆ ಅಂದುಕೊಳ್ಳಿ. ಮನೆ ಸಿಮ್‌ನಲ್ಲೇ ವೋಲ್ಟೆ, ಅಂದರೆ 4ಜಿ ಮೇಲೇ ಹೋಗುವ ಕರೆ ಮಾಡಿದರೆ ನೆಟ್ ಇರುತ್ತದೆ. ಅಂಗಡಿ ಸಿಮ್‌ನಲ್ಲಿ ಮಾತಾಡಿದರೆ ರೇಡಿಯೊ ಆ ಕಡೆ ಹೋಗುವುದರಿಂದ ನೆಟ್ ನಿಲ್ಲುತ್ತದೆ. ‘ಕೆಲವು ಸಲ’ ಅಂತ ನೀವು ಹೇಳಿದ್ದು ಇದಕ್ಕೇ ಇರಬೇಕು, ಗಮನಿಸಿ ನೋಡಿ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ‘Automatic data switching’ ಅಥವಾ ಅದೇ ಅರ್ಥದ ಆಯ್ಕೆ ಆನ್ ಮಾಡಿದರೆ, ಮಾತು ಮುಗಿಯುವವರೆಗೆ ಡೇಟಾ ಕೂಡ ಅಂಗಡಿ ಸಿಮ್‌ಗೆ ಹೋಗುತ್ತದೆ. ಅದಕ್ಕೆ ಆ ಸಿಮ್‌ನಲ್ಲೂ ಡೇಟಾ ಪ್ಯಾಕ್ ಬೇಕು. ಬರೀ ಕರೆ ಮತ್ತು ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸಿದ್ದರೆ ಪ್ರಯೋಜನ ಇಲ್ಲ.

ಡೇಟಾಕ್ಕೆ ಯಾವ ಸಿಮ್ ಆರಿಸಿದರೂ ವಾಟ್ಸಾಪ್ ನಂಬರ್ ಬದಲಾಗುವುದಿಲ್ಲ, ಇನ್ನೊಂದು ಸಿಮ್‌ಗೆ ಬರುವ ಒಟಿಪಿ ಮೆಸೇಜ್ ಕೂಡ ನಿಲ್ಲುವುದಿಲ್ಲ. ‘ಕರೆಗೆ ಯಾವ ಸಿಮ್’ ಎಂಬ ಆಯ್ಕೆಯೂ ನೀವು ಮಾಡುವ ಕರೆಗೆ ಮಾತ್ರ. ಬರುವ ಕರೆ ಅವರು ಒತ್ತಿದ ನಂಬರಿಗೇ ಬರುತ್ತದೆ. ಆದರೆ ಯುಪಿಐ ಆ್ಯಪ್ ನೋಂದಣಿ ಮಾಡುವಾಗ ಹುಷಾರು. ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರಿನ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಆ್ಯಪ್ ಯಾವ ಸಿಮ್ ಎಂದು ಕೇಳಿದಾಗ ಅದನ್ನೇ ಒತ್ತಿ, ಅದರಲ್ಲಿ ಎಸ್ಸೆಮ್ಮೆಸ್ ಹೋಗುವಷ್ಟು ಪ್ಯಾಕ್ ಇದೆಯಾ ನೋಡಿಕೊಳ್ಳಿ.