ಬಿಸಿ ಝಳ ಕಡಿಮೆಯಾದರೂ ಮೂಳೆ ಸವೆತ ನಿಲ್ಲುವುದಿಲ್ಲ

ಪ್ರಶ್ನೆ: ನನಗೆ 40 ವರ್ಷ. ತುಂಬಾ ರಕ್ತಸ್ರಾವ ಆಗ್ತಿತ್ತು ಅಂತ ಎರಡು ವರ್ಷದ ಹಿಂದೆ ಗರ್ಭಕೋಶ ತೆಗೆದರು. ಅಂಡಾಶಯಾನೂ ತೆಗೆದಿದ್ದಾರೆ ಅಂತ ಮನೆಯವರು ಹೇಳ್ತಾರೆ. ಆವಾಗಿಂದ ಮುಖ, ಎದೆಯೆಲ್ಲ ಬಿಸಿಯಾಗಿ ರಾತ್ರಿ ಬೆವರಿ ಎದ್ದು ಕೂರ್ತೀನಿ. ಈಗ ಸ್ವಲ್ಪ ಕಡಿಮೆ. ‘ಎಲ್ಲ ಹೆಂಗಸರಿಗೂ ಬರೋದೇ, ತಡ್ಕೊ’ ಅಂತಾರೆ ಅತ್ತೆ. ಔಷಧಿ ಬೇಕಾ?
— ಓದುಗರು, ಮದ್ದೂರು

ಉತ್ತರ: ಬೇಕಾಗಬಹುದು. ಬರೀ ಝಳಕ್ಕಾಗಿ ಅಲ್ಲ, ಮೂಳೆ ಮತ್ತು ರಕ್ತನಾಳಕ್ಕಾಗಿ.

ನಮ್ಮಲ್ಲಿ ಸಾಮಾನ್ಯವಾಗಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಮುಂಚೆ ಕೆಲವು ವರ್ಷ, ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜನ್ ಎಂಬ ಹಾರ್ಮೋನ್ ಏರುತ್ತಾ ಇಳಿಯುತ್ತಾ ಕಡಿಮೆಯಾಗುತ್ತದೆ. ನಿಮ್ಮ ಅತ್ತೆಯವರಿಗೂ ಹಾಗೇ ಆಗಿರಬಹುದು. ಎರಡೂ ಅಂಡಾಶಯ ತೆಗೆದರೆ ಅದು ಒಂದೆರಡು ದಿನದಲ್ಲೇ ಕುಸಿಯುತ್ತದೆ. ಮೆದುಳಿನಲ್ಲಿ ಮೈಶಾಖ ಕಾಯುವ ಭಾಗ ಆಗ ತೀರಾ ಸೂಕ್ಷ್ಮವಾಗುತ್ತದೆ. ಮೈ ಚೂರು ಬೆಚ್ಚಗಾದರೂ ಬೆವರು ಸುರಿಸುತ್ತದೆ. ದಿನ ಕಳೆದಂತೆ ಅದು ಹೊಂದಿಕೊಳ್ಳುತ್ತದೆ, ಝಳ ಇಳಿಯುತ್ತದೆ. ಮೂಳೆ ಹಾಗಲ್ಲ. ಹಳೇ ಮೂಳೆ ಕರಗುವುದಕ್ಕೆ ಈಸ್ಟ್ರೊಜನ್ನೇ ಕಡಿವಾಣ. ಅದಿಲ್ಲದಿದ್ದರೆ ಕರಗುವುದು ಜಾಸ್ತಿ, ಕಟ್ಟುವುದು ಕಡಿಮೆ. ಮೊದಲ ಕೆಲವು ವರ್ಷಗಳಲ್ಲೇ ಸವೆತ ಹೆಚ್ಚು, ಆದರೆ ನೋವೇ ಇರುವುದಿಲ್ಲ. ರಕ್ತನಾಳಗಳೂ ಗಡುಸಾಗುತ್ತವೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ.

ಮೊದಲು ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಅದರಲ್ಲಿ ‘ಬಿ.ಎಸ್.ಒ.’ ಎಂದಿದ್ದರೆ ಎರಡೂ ಅಂಡಾಶಯ ತೆಗೆದಿದ್ದಾರೆ ಎಂದರ್ಥ. ಹಾಗಿದ್ದರೆ 50ರ ಸುಮಾರಿನವರೆಗೆ ಈಸ್ಟ್ರೊಜನ್ ಕೊಡುವುದು ಸರಿಯಾದ ಚಿಕಿತ್ಸೆ. ಗರ್ಭಕೋಶದ ಒಳಪದರ ಕಾಯಲು ಜೊತೆಗೆ ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್, ನಿಮಗೆ ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಬೇಡ. ಚರ್ಮಕ್ಕೆ ಹಚ್ಚುವ ಜೆಲ್ ಆದರೆ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ‘ಹಾರ್ಮೋನ್ ಅಂದ್ರೆ ಕ್ಯಾನ್ಸರ್’ ಎಂದು ಹೆದರಿ ಬಿಡಬೇಡಿ. ಈ ವಯಸ್ಸಿನಲ್ಲಿ ನಿಮ್ಮ ದೇಹದಲ್ಲಿ ಇರಬೇಕಾಗಿದ್ದನ್ನೇ ವಾಪಸ್ ಕೊಡುತ್ತಿದ್ದೇವೆ, ಅಷ್ಟೇ. ಆದರೆ ಸ್ತನ ಕ್ಯಾನ್ಸರ್ ಆಗಿದ್ದರೆ, ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಲಿವರ್ ಕಾಯಿಲೆ ಇದ್ದರೆ ಲೆಕ್ಕ ಬೇರೆ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇತ್ತಾ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಸುಮ್ನೆ ಅಂಗಡಿಯಿಂದ ತಂದು ಹಚ್ಚಬೇಡಿ.

ಮುದ್ದೆ ತಿಂತೀನಲ್ಲ, ಸಾಲದಾ ಎನ್ನಬಹುದು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾಗಿದ್ದು ಸುಮಾರು 1000. ಮುದ್ದೆ ಜೊತೆ ಹಾಲು, ಮೊಸರು ಇದ್ದರೆ ಬಹುಪಾಲು ಮುಟ್ಟುತ್ತೀರಿ, ಬಿಡಬೇಡಿ. ಆದರೆ ಈಸ್ಟ್ರೊಜನ್ ಇಲ್ಲದೆ ಆಗುವ ಸವೆತವನ್ನು ಕ್ಯಾಲ್ಸಿಯಂ ಒಂದೇ ತಡೆಯಲಾರದು.

ಈಗಲೇ ಒಮ್ಮೆ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಅದರಲ್ಲಿ ತಿಳಿಯುತ್ತದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಪರೀಕ್ಷೆ ಇದಕ್ಕೆ ಸಾಟಿಯಲ್ಲ. ಅಲ್ಲಿ ‘ನಾರ್ಮಲ್’ ಎಂದರೂ ಸುಮ್ಮನಾಗಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸುತ್ತಿರಿ.