ನಾಲ್ಕು ದಿನದ ಡಿಸ್ಕೌಂಟ್‌ಗೆ ಕ್ಯಾಪ್ಷನ್ ಹೇಗೆ ಬರೆಯೋದು?

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ಮದೊಂದು ಸಣ್ಣ ಕಾಫಿ ಪುಡಿ ಅಂಗಡಿ. 80:20 ಬ್ಲೆಂಡ್, 250 ಗ್ರಾಂ ಪ್ಯಾಕೆಟ್‌ಗೆ ಎಂಆರ್‌ಪಿ ₹220, ಯಾವಾಗಲೂ ₹200ಕ್ಕೆ ಕೊಡ್ತೀವಿ. ನವೆಂಬರ್ 5ರಿಂದ 8ರ ತನಕ ₹170ಕ್ಕೆ ಕೊಡೋಣ ಅಂತ. 120 ಪ್ಯಾಕೆಟ್ ಇದೆ. "ಇಂದೇ ಕೊನೆ! 23% ಭಾರೀ ಡಿಸ್ಕೌಂಟ್! ತ್ವರೆ ಮಾಡಿ! *ಷರತ್ತು ಅನ್ವಯ" ಅಂತ ಹಾಕಿದರೆ ಸರೀನಾ? ಜನ ಬೇಗ ಬರಬೇಕು, ಆದರೆ ಮೋಸ ಅನ್ನಿಸಬಾರದು.

ಉತ್ತರ:

ಮೊದಲು ಆ 23% ತೆಗೆದುಬಿಡಿ. ಅದು ₹220ರಿಂದ ಲೆಕ್ಕ ಹಾಕಿದ್ದು. ನಿಮ್ಮಲ್ಲಿ ₹220 ಕೊಟ್ಟು ಯಾರೂ ತಗೊಂಡೇ ಇಲ್ಲ. ದಿನಾ ಬರುವ ಗಿರಾಕಿ ಕೊಡೋದು ₹200, ಅವರಿಗೆ ಉಳಿಯೋದು ₹30, ಅಂದರೆ 15%. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಮಿತಿ. ನೀವು ನಿಜವಾಗಿ ಮಾರುವ ಬೆಲೆ ಬೇರೆ ಇದ್ದಾಗ ಅಲ್ಲಿಂದಲೇ ಇಳಿಸಿ ತೋರಿಸಬೇಕು. ನನ್ನ ಕೇಳಿದರೆ ಶೇಕಡಾ ಲೆಕ್ಕವೇ ಬೇಡ. "₹200ರ ಬದಲು ₹170" ಅಂದರೆ ಯಾರೂ ಮನಸ್ಸಲ್ಲಿ ಗುಣಿಸಿ ನೋಡಬೇಕಿಲ್ಲ, ಹಳೇ ಗಿರಾಕಿಗೂ ತಕ್ಷಣ ನಂಬಿಕೆ ಬರುತ್ತೆ.

ಎರಡನೇದು "ಇಂದೇ ಕೊನೆ". ಇನ್‌ಸ್ಟಾಗ್ರಾಮ್ ಪೋಸ್ಟ್ ಹಾಕಿದ ದಿನವೇ ಎಲ್ಲರಿಗೂ ಕಾಣಿಸೋದಿಲ್ಲ. ಗುರುವಾರ ಹಾಕಿದ್ದು ಕೆಲವರಿಗೆ ಶನಿವಾರ ಸಿಗುತ್ತೆ, ಇನ್ನು ಕೆಲವರಿಗೆ ಮುಂದಿನ ವಾರ. ವಾಟ್ಸಾಪ್ ಗ್ರೂಪ್‌ಗಳಲ್ಲಂತೂ ಪೋಸ್ಟರ್ ಎಷ್ಟು ದಿನ ಸುತ್ತುತ್ತೋ ಹೇಳೋಕಾಗಲ್ಲ. ಹಾಗಾಗಿ ಇಂದು, ನಾಳೆ, ಈ ವಾರ ಅನ್ನೋದನ್ನೆಲ್ಲ ಬಿಟ್ಟು ತಾರೀಖು, ವಾರ, ಗಂಟೆ ಮೂರನ್ನೂ ಬರೆಯಿರಿ. ಗಂಟೆ ಅಂದಾಗ "ರಾತ್ರಿ 12" ಬೇಡ. ಅದು ಭಾನುವಾರ ಶುರುವಾಗುವ 12ರೋ ಮುಗಿಯುವ 12ರೋ ಅಂತ ಗೊಂದಲ ಆಗುತ್ತೆ. ನೀವು ಬಾಗಿಲು ಹಾಕುವ ಹೊತ್ತನ್ನೇ ಹಾಕಿ. ಪೋಸ್ಟರ್ ಚಿತ್ರದ ಮೇಲೂ ಕೊನೆ ತಾರೀಖು ಇರಲಿ, ಫಾರ್ವರ್ಡ್ ಆಗುವಾಗ ಕ್ಯಾಪ್ಷನ್ ಕಳಚಿಹೋಗಿ ಚಿತ್ರ ಒಂದೇ ಉಳಿಯೋದು ತುಂಬಾ ಮಾಮೂಲು.

ಇನ್ನು ಅವಸರ. ಅದನ್ನು ನೀವು ಹುಟ್ಟಿಸಬೇಕಾಗಿಲ್ಲ, ನಿಮ್ಮ ಹತ್ತಿರ ನಿಜವಾದ ಕಾರಣ ಆಗಲೇ ಇದೆ: 120 ಪ್ಯಾಕೆಟ್. ಆಶ್ಚರ್ಯಸೂಚಕ ಚಿಹ್ನೆಗಳಿಗಿಂತ ಆ ಸಂಖ್ಯೆಗೆ ಬೆಲೆ ಜಾಸ್ತಿ. ಆದರೆ ಗೋಡೌನ್‌ನಲ್ಲಿ 500 ಇಟ್ಟುಕೊಂಡು 120 ಅನ್ನಬಾರದು, "ಇನ್ನು 5 ಮಾತ್ರ" ಅಂತ ದಿನಾ ಸ್ಟೇಟಸ್ ಹಾಕಲೂ ಬಾರದು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಲ್ಲದ ಕೊರತೆ, ಇಲ್ಲದ ಗಡುವು ತೋರಿಸಿ ಕೊಳ್ಳುವಂತೆ ಮಾಡೋದು ನಿಷಿದ್ಧ. 2022ರ ಜಾಹೀರಾತು ಮಾರ್ಗಸೂಚಿ ಪ್ರಕಾರ ಸ್ಟಾಕ್ ಕಡಿಮೆ ಇದ್ದರೆ ಮುಂಚೆಯೇ ಹೇಳಬೇಕು. ಷರತ್ತುಗಳೂ ಆಫರ್ ಹೇಳಿದ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕರೆದು, ಕೆಳಗೆ ಇಂಗ್ಲಿಷ್‌ನಲ್ಲಿ ಸಣ್ಣಕ್ಷರದ ಷರತ್ತು ಹಾಕುವ ರೂಢಿ ಇದೆಯಲ್ಲ, ಅದು ನಡೆಯಲ್ಲ.

ನಾನಾದರೆ ಹೀಗೆ ಬರೀತಿದ್ದೆ:

"250 ಗ್ರಾಂ ಫಿಲ್ಟರ್ ಕಾಫಿ ಪುಡಿ ₹200ರ ಬದಲು ₹170. ನವೆಂಬರ್ 8, ಭಾನುವಾರ ರಾತ್ರಿ 8 ಗಂಟೆ ತನಕ.
ಇರೋದು 120 ಪ್ಯಾಕೆಟ್. ಮುಂಚೆಯೇ ಖಾಲಿಯಾದರೆ ಆಫರ್ ಅಲ್ಲಿಗೇ ಮುಗೀತು.
80:20 ಬ್ಲೆಂಡ್‌ಗೆ ಮಾತ್ರ. ಒಬ್ಬರಿಗೆ 4 ಪ್ಯಾಕೆಟ್ ತನಕ.
ಅಂಗಡಿಗೆ ಬನ್ನಿ, ಇಲ್ಲಾ ವಾಟ್ಸಾಪ್ ಮಾಡಿ. ಕೊರಿಯರ್ ಚಾರ್ಜ್ ಬೇರೆ. ಭಾನುವಾರ ರಾತ್ರಿ 8 ಗಂಟೆಯೊಳಗೆ ದುಡ್ಡು ಹಾಕಿದವರಿಗೆ ₹170, ಪಾರ್ಸೆಲ್ ಆಮೇಲೆ ಹೊರಟರೂ ಸರಿ.
ಸೋಮವಾರದಿಂದ ಮತ್ತೆ ₹200."

ಇನ್‌ಸ್ಟಾಗ್ರಾಮ್ ಮೊದಲ ಸಾಲೆರಡು ತೋರಿಸಿ ಉಳಿದದ್ದನ್ನು ಮಡಚಿಡುತ್ತೆ. ಅದಕ್ಕೇ ಬೆಲೆ, ತೂಕ, ಗಡುವು ಮೇಲೆಯೇ ಇವೆ. ಒಬ್ಬರಿಗೆ ನಾಲ್ಕು ಅಂತ ಹಾಕಿದ್ದು, ಹೋಂಸ್ಟೇಯವರು ಯಾರಾದರೂ ಬಂದು ಒಂದೇ ಸಲ 40 ಪ್ಯಾಕೆಟ್ ಎತ್ತಿಕೊಂಡು ಹೋದರೆ ಉಳಿದವರಿಗೆ ನೀವು ಸುಳ್ಳು ಹೇಳಿದ ಹಾಗಾಗುತ್ತೆ ಅಂತ. ಬೇಡದಿದ್ದರೆ ತೆಗೆಯಿರಿ. ಆದರೆ ಕ್ಯಾಪ್ಷನ್‌ನಲ್ಲಿ ಬರೆಯದೆ ಕೌಂಟರ್‌ನಲ್ಲಿ ಮಾತ್ರ ಹೇಳುವ ಷರತ್ತು ಒಂದೂ ಇರಬಾರದು. ಜಗಳ ಶುರುವಾಗೋದೇ ಅಲ್ಲಿಂದ. ಕೊರಿಯರ್ ಸಾಲೂ ಅಷ್ಟೇ: ಬೆಂಗಳೂರಿನ ಗಿರಾಕಿ ₹170 ಅಂದುಕೊಂಡು ಬಂದು ಕೊನೆಗೆ ಜಾಸ್ತಿ ಬಿಲ್ ನೋಡಿದರೆ ಅವರಿಗೆ ಅದು ಆಫರ್ ಅನ್ನಿಸೋದೇ ಇಲ್ಲ.

ಶನಿವಾರವೇ ಖಾಲಿಯಾದರೆ ಕ್ಯಾಪ್ಷನ್ ಎಡಿಟ್ ಮಾಡಿ ಮೊದಲ ಸಾಲಲ್ಲೇ "ಸ್ಟಾಕ್ ಮುಗಿದಿದೆ" ಅಂತ ಹಾಕಿ. ಹಾಕಿದ ಚಿತ್ರದ ಮೇಲಿನ ಅಕ್ಷರ ತಿದ್ದೋಕಾಗಲ್ಲ, ಆದ್ದರಿಂದ ಎಷ್ಟು ಉಳಿದಿದೆ ಅನ್ನೋದನ್ನು ಚಿತ್ರದ ಮೇಲೆ ಬರೆಯಲೇಬೇಡಿ.

ಭಾನುವಾರ ರಾತ್ರಿ 30 ಪ್ಯಾಕೆಟ್ ಉಳಿದಿದ್ದರೂ "ಗ್ರಾಹಕರ ಒತ್ತಾಯದ ಮೇರೆಗೆ ಇನ್ನೂ ಎರಡು ದಿನ" ಅಂತ ಮಾತ್ರ ಹಾಕಬೇಡಿ. ಗಡುವು ನಂಬಿ ಮಳೆಯಲ್ಲೇ ಬಂದವರಿಗೆ ಅನ್ಯಾಯ ಆಗುತ್ತೆ, ಮುಂದಿನ ಸಲ ನಿಮ್ಮ ತಾರೀಖನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಆ 30 ಪ್ಯಾಕೆಟ್ ಸೋಮವಾರದಿಂದ ₹200ಕ್ಕೇ ಹೋಗಲಿ.